ಸೋತಿದ್ದು ನೀವಾ, ಆಟವಾ?

ಮೈನ್‌ಸ್ವೀಪರ್ ಮೇಲೆ ನನಗಿರೋದು ಒಂದೇ ದೂರು. ನೀವು ಲೆಕ್ಕ ತಪ್ಪಿ ಬಾಂಬ್ ಒತ್ತಿದರೂ, ಲೆಕ್ಕಕ್ಕೆ ದಾರಿಯೇ ಇಲ್ಲದ ಕಡೆ ಊಹಿಸಿ ಸೋತರೂ, ಮೇಲಿನ ಹಳದಿ ಮುಖ ಒಂದೇ ಥರ ಸಾಯುತ್ತೆ. 1992ರಲ್ಲಿ ವಿಂಡೋಸ್ 3.1ರ ಜೊತೆ ಬಂದ ಈ ಆಟ ಇವೆರಡನ್ನೂ ಒಂದೇ ಸೋಲು ಅಂತ ಬರೆದುಕೊಳ್ಳುತ್ತೆ. ಅವು ಒಂದೇ ಅಲ್ಲ.

ಮೊದಲು ಲೆಕ್ಕದ ಭಾಗ. ಮುಚ್ಚಿದ ಐದು ಮನೆಗಳು ಸಾಲಾಗಿವೆ ಅಂದುಕೊಳ್ಳಿ. ನಡುವಿನ ಮೂರರ ಕೆಳಗೆ 1, 2, 1 ಅಂತ ಅಂಕಿಗಳಿವೆ. ಆ ಅಂಕಿಗಳ ಸುತ್ತ ಬೇರೆ ಮುಚ್ಚಿದ ಮನೆ ಇಲ್ಲ. ಪ್ರತಿ ಅಂಕಿಯೂ ತನ್ನ ನೆತ್ತಿಯ ಮೇಲಿನ ಮನೆ ಮತ್ತು ಅದರ ಅಕ್ಕಪಕ್ಕದ್ದು, ಹೀಗೆ ಮೂರನ್ನು ನೋಡುತ್ತೆ. ಈಗ ನಟ್ಟನಡುವಿನ ಮನೆಯಲ್ಲಿ ಬಾಂಬ್ ಇದೆ ಅನ್ನಿ. ಎರಡೂ ಬದಿಯ 1ರ ಲೆಕ್ಕ ಅಲ್ಲಿಗೇ ಮುಗೀತು, ಹಾಗಾಗಿ ಎರಡನೇ ಮತ್ತು ನಾಲ್ಕನೇ ಮನೆ ಖಾಲಿ. ಆದರೆ ಆಗ 2ಕ್ಕೆ ಸಿಗೋದು ಒಂದೇ ಬಾಂಬ್. ಕೂಡಿಬರಲಿಲ್ಲ. ಅಂದರೆ ನಡುವಿನದು ಸೇಫ್, ಎರಡನೇದು ಮತ್ತು ನಾಲ್ಕನೇದರಲ್ಲಿ ಬಾಂಬ್. ಆ ಎರಡರಿಂದ 1ಗಳ ಲೆಕ್ಕ ತುಂಬಿದ್ದರಿಂದ ತುದಿಯ ಎರಡೂ ಮನೆ ಸೇಫ್. ಊಹೆಯೇ ಇಲ್ಲದೆ ಮೂರು ಮನೆ ತೆರೆಯಬಹುದು. ಇಲ್ಲಿ ಸತ್ತರೆ ತಪ್ಪು ನಿಮ್ಮದೇ.

ಈಗ ಇನ್ನೊಂದು ಥರ. ಬೋರ್ಡಿನ ಮೂಲೆಯ ಮನೆ ಮತ್ತು ಅದರ ಪಕ್ಕದ್ದು, ಎರಡು ಮಾತ್ರ ಮುಚ್ಚಿವೆ. ಬಾಂಬ್ ಒಂದೇ ಬಾಕಿ. ಈ ಜೋಡಿಯ ಪಕ್ಕದ ಕಂಬದಲ್ಲಿ, ಮೇಲೊಂದು ಕೆಳಗೊಂದು, ಗುರುತು ಹಾಕಿದ ಎರಡು ಬಾಂಬ್ ಗೋಡೆ ಥರ ನಿಂತಿವೆ. ಕೆಳಗಿರುವ ಎರಡು ಅಂಕಿಗಳೂ ಜೋಡಿಯನ್ನು ಒಟ್ಟಿಗೇ ನೋಡುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡುವ ಅಂಕಿ ಬೋರ್ಡಿನಲ್ಲೇ ಇಲ್ಲ. ಉಳಿದ ಬಾಂಬುಗಳ ಎಣಿಕೆಯೂ ಸುಮ್ಮನಿರುತ್ತೆ, ಯಾಕಂದ್ರೆ ಎಲ್ಲಿದ್ದರೂ ಒಂದೇ. ಎಷ್ಟು ಹೊತ್ತು ದಿಟ್ಟಿಸಿದರೂ ಇದು ಅರ್ಧಕ್ಕರ್ಧ.

ನಿಜವಾದ ಊಹೆಯ ಗುರುತು ಇದೇ: ಎರಡು ಮನೆಗಳನ್ನು ಬೇರ್ಪಡಿಸುವ ಅಂಕಿ ಇಲ್ಲ, ಮುಂದೆ ಬರುವ ಹಾಗೂ ಇಲ್ಲ, ಎಣಿಕೆಯೂ ನೆರವಾಗಲ್ಲ. ಪಕ್ಕದಲ್ಲಿ ಇನ್ನೂ ಒಂದು ಮುಚ್ಚಿದ ಮನೆ ಬಾಂಬಲ್ಲದೆ ಉಳಿದಿದ್ದರೆ ಕಾಯಿರಿ, ಅದು ತೆರೆದಾಗ ಸುಳಿವು ಸಿಗಬಹುದು. ಗೋಡೆ ಪೂರ್ತಿ ಆಗಿದ್ದರೆ ಕೊನೆಗೆ ಅಂತ ಇಟ್ಟುಕೊಳ್ಳಬೇಡಿ, ಈಗಲೇ ಒತ್ತಿ. ಸೋಲೋದಿದ್ದರೆ ಉಳಿದ ಬೋರ್ಡಿನ ಶ್ರಮವಾದರೂ ಉಳಿಯುತ್ತೆ.

ಎಕ್ಸ್‌ಪರ್ಟ್ ಬೋರ್ಡಿನ 480 ಮನೆಗಳಲ್ಲಿ 99 ಬಾಂಬ್. ಇಂಥ ಜೋಡಿ ಎರಡು ಬಂದರೆ, ಒಂದೂ ಲೆಕ್ಕ ತಪ್ಪದವನೂ ನಾಲ್ಕರಲ್ಲಿ ಮೂರು ಸಲ ಸೋಲುತ್ತಾನೆ. ಚೌಕಾಬಾರದಲ್ಲೂ ಅದೃಷ್ಟ ಇದೆ, ಆದರೆ ಕವಡೆ ಕಣ್ಣೆದುರೇ ಬೀಳುತ್ತೆ. ಇಲ್ಲಿ ಕವಡೆಯನ್ನು ಲೆಕ್ಕದ ವೇಷದಲ್ಲಿ ಬಚ್ಚಿಟ್ಟಿದ್ದಾರೆ.

ಇದನ್ನು ಸರಿಪಡಿಸೋಕೆ ಆಗಲ್ವಾ ಅಂದ್ರೆ, ಆಗುತ್ತೆ. ಸೈಮನ್ ಟ್ಯಾಥಮ್ ಅವರ ಪಜಲ್ ಸಂಗ್ರಹದಲ್ಲಿರುವ ‘ಮೈನ್ಸ್’, ಮೊದಲ ಕ್ಲಿಕ್ ಆದಮೇಲೆ ಊಹೆಯಿಲ್ಲದೆ ಬಿಡಿಸಬಹುದಾದ ಬೋರ್ಡನ್ನೇ ಕೊಡುತ್ತೆ. ಅಲ್ಲಿ ಸಿಕ್ಕಿಹಾಕಿಕೊಂಡರೆ ಬೈಯೋಕೆ ಅದೃಷ್ಟ ಸಿಗಲ್ಲ, ಇನ್ನೊಮ್ಮೆ ಅಂಕಿಗಳನ್ನೇ ನೋಡಬೇಕು.