‘ಸಾಧಾರಣವಾಗಿ ಹೆಚ್ಚು’ ಎಂದರೆ ಎಷ್ಟು? ಮ್ಯೂಚುವಲ್ ಫಂಡ್ ಮಾಹಿತಿಪತ್ರದ ಒಂದು ಕನ್ನಡ ಅನುವಾದವನ್ನು ಕುರಿತು

ಮೊದಲ ಬಾರಿಗೆ ಹೂಡಿಕೆಗೆ ತೊಡಗಿದ ಕನ್ನಡಿಗರೊಬ್ಬರು ಕನ್ಸರ್ವೇಟಿವ್ ಹೈಬ್ರಿಡ್ ವರ್ಗದ ಮ್ಯೂಚುವಲ್ ಫಂಡ್ ಯೋಜನೆಯೊಂದರ ಫ್ಯಾಕ್ಟ್‌ಶೀಟ್ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಪರಿಚಿತ ಅನುವಾದಕರಿಗೆ ಕಳುಹಿಸಿದರು. ಆ ಚಿತ್ರ, ಅದರ ಕನ್ನಡ ರೂಪ ಹಾಗೂ ಓದುಗರು ಅದರ ಅಂಚಿನಲ್ಲಿ ಬರೆದುಕೊಂಡ ಪ್ರಶ್ನೆಗಳು ಪ್ರಸ್ತುತ ವಿಮರ್ಶೆಯ ಆಕರ. ಅನುವಾದದಲ್ಲಿ ಪದಗಳ ಆಯ್ಕೆ ಬಹುಮಟ್ಟಿಗೆ ನಿಘಂಟಿಗೆ ನಿಷ್ಠವಾಗಿದೆ. ಆದರೂ ಓದುಗರು ತಲುಪುವ ತೀರ್ಮಾನ ಮೂಲದ್ದಲ್ಲ. ಈ ಅಂತರಕ್ಕೆ ಕಾರಣವನ್ನು ಪದಕೋಶಕ್ಕಿಂತ ವ್ಯಾಕರಣದಲ್ಲಿ ಹುಡುಕಬೇಕೆಂಬುದು ನಮ್ಮ ವಾದ.

ಮೊದಲಿಗೆ ಅಪಾಯದ ಪಟ್ಟಿ. 2021ರ ಜನವರಿಯಿಂದ ಸೆಬಿಯ ರಿಸ್ಕೋಮೀಟರ್‌ನಲ್ಲಿ ಆರು ಹಂತಗಳಿವೆ: ಲೋ, ಲೋ ಟು ಮಾಡರೇಟ್, ಮಾಡರೇಟ್, ಮಾಡರೇಟ್ಲಿ ಹೈ, ಹೈ, ವೆರಿ ಹೈ. ನಮ್ಮ ಪುಟದಲ್ಲಿ ಮುಳ್ಳು ನಾಲ್ಕನೆಯದರ ಮೇಲಿದೆ. ಅನುವಾದ ಹೀಗಿದೆ:

(1) ಅಪಾಯ: ಸಾಧಾರಣವಾಗಿ ಹೆಚ್ಚು

ಮೂಲದ ಕ್ರಿಯಾವಿಶೇಷಣವು ‘ಹೈ’ ಎಂಬುದರ ಪ್ರಮಾಣವನ್ನು ತಗ್ಗಿಸುತ್ತದೆ. ಕನ್ನಡದ ‘ಸಾಧಾರಣವಾಗಿ’ ಆ ಕೆಲಸವನ್ನು ಮಾಡುವುದಿಲ್ಲ. ‘ಸಾಧಾರಣವಾಗಿ ಅವರು ಬೆಳಿಗ್ಗೆ ಬರುತ್ತಾರೆ’ ಎಂಬಲ್ಲಿರುವಂತೆ ಅದು ಇಡೀ ವಾಕ್ಯಕ್ಕೆ ಅನ್ವಯಿಸಿ ರೂಢಿಯನ್ನು ಸೂಚಿಸುತ್ತದೆ. ಪ್ರಮಾಣದ ಮಾತು ಹೀಗೆ ಕಾಲದ ಮಾತಾಗುತ್ತದೆ. ಓದುಗರು ಅಂಚಿನಲ್ಲಿ ‘ಹಾಗಾದರೆ ಕೆಲವೊಮ್ಮೆ ಕಡಿಮೆಯೂ ಇರುತ್ತದೆಯೆ?’ ಎಂದು ಕೇಳಿರುವುದು ಈ ವಾಕ್ಯಕ್ಕೆ ಸಲ್ಲುವ ಸಹಜ ಅರ್ಥಗ್ರಹಣವೇ ಆಗಿದೆ. ‘ಲೋ ಟು ಮಾಡರೇಟ್’ ಎಂಬುದನ್ನು ‘ಕಡಿಮೆಯಿಂದ ಮಧ್ಯಮಕ್ಕೆ’ ಎಂದಿರುವಲ್ಲಿಯೂ ಇಂಥದೇ ಪಲ್ಲಟವಿದೆ. ‘-ಇಂದ’ ಮತ್ತು ‘-ಕ್ಕೆ’ ಪ್ರತ್ಯಯಗಳು ಜೊತೆಗೂಡಿದಾಗ ವ್ಯಾಪ್ತಿಗಿಂತ ಚಲನೆ ಮೊದಲು ಹೊಳೆಯುತ್ತದೆ. ಅಪಾಯವು ಏರುತ್ತಿದೆ ಎಂಬ ಭಾವ ಬರುತ್ತದೆ. ರಿಸ್ಕೋಮೀಟರನ್ನು ಪ್ರತಿ ತಿಂಗಳೂ ಮರುಪರಿಶೀಲಿಸುವುದರಿಂದ ಹಂತ ಬದಲಾಗುವುದು ನಿಜವಾಗಿಯೂ ಸಾಧ್ಯ. ಆದ್ದರಿಂದಲೇ ಈ ಗೊಂದಲವನ್ನು ಸಂದರ್ಭವು ನಿವಾರಿಸಲಾರದು.

‘ಮಧ್ಯಮಕ್ಕಿಂತ ಹೆಚ್ಚು’ ಎಂಬ ಪರ್ಯಾಯ ಹೆಚ್ಚು ಕನ್ನಡವೆನಿಸುತ್ತದೆ; ತುಲನೆಗೆ ‘-ಇಂತ’ ನಮ್ಮಲ್ಲಿ ಸಹಜ ಮಾರ್ಗ. ಆದರೆ ಐದನೆಯ, ಆರನೆಯ ಹಂತಗಳೂ ಮಧ್ಯಮಕ್ಕಿಂತ ಹೆಚ್ಚೇ. ಹೀಗಾಗಿ ನಾವು ಸೂಚಿಸುವುದು ಇದನ್ನು:

(2) ಅಪಾಯ: ಆರು ಹಂತಗಳಲ್ಲಿ ನಾಲ್ಕನೆಯದು (ಮಧ್ಯಮಕ್ಕಿಂತ ಒಂದು ಹಂತ ಮೇಲೆ)

ಇದಕ್ಕೂ ಮಿತಿಯಿದೆ. ಕ್ರಮಸಂಖ್ಯೆ ಸ್ಥಾನವನ್ನು ಹೇಳುತ್ತದೆಯೇ ಹೊರತು ಹಂತಗಳ ನಡುವಣ ಅಂತರವನ್ನಲ್ಲ. ನಾಲ್ಕನೆಯದರಲ್ಲಿ ಎರಡನೆಯದರ ಇಮ್ಮಡಿ ಅಪಾಯವಿದೆ ಎಂದು ಓದಬಾರದು.

ಎರಡನೆಯದು ‘ವೆಚ್ಚ ಅನುಪಾತ: 1.80%’. ‘ವೆಚ್ಚ’ ಎಂಬ ನಾಮಪದವು ಯಾರ ವೆಚ್ಚ, ಯಾರ ಹಣ, ಯಾವಾಗ ಎಂಬ ಮೂರನ್ನೂ ಮರೆಮಾಡುತ್ತದೆ. ಓದುಗರು ಐದು ವರ್ಷಗಳ ವಾರ್ಷಿಕ ಪ್ರತಿಫಲವಾದ 9.40ರಿಂದ 1.80ನ್ನು ಕಳೆದು, ತಮಗೆ ಉಳಿಯುವುದು 7.60 ಎಂದು ಬರೆದುಕೊಂಡಿದ್ದಾರೆ. ವಾಸ್ತವದಲ್ಲಿ ಈ ವೆಚ್ಚವನ್ನು ವಾರ್ಷಿಕ ದರದ ಲೆಕ್ಕದಲ್ಲಿ ದಿನದಿನವೂ ನಿಧಿಯ ಆಸ್ತಿಯಿಂದಲೇ ಮುರಿದುಕೊಂಡು, ಆಮೇಲೆ ಎನ್‌ಎವಿ ಪ್ರಕಟಿಸುತ್ತಾರೆ. ಆ ಎನ್‌ಎವಿಯಿಂದ ಲೆಕ್ಕ ಹಾಕಿದ 9.40ರಲ್ಲಿ ವೆಚ್ಚ ಆಗಲೇ ಕಳೆದಿದೆ. ಒಂದು ಲಕ್ಷ ರೂಪಾಯಿಯ ಮೌಲ್ಯ ವರ್ಷವಿಡೀ ಹಾಗೆಯೇ ಇದ್ದರೆ ಹೀಗೆ ಹೋಗುವುದು 1,800 ರೂಪಾಯಿ, ದಿನಕ್ಕೆ ಸುಮಾರು ಐದು. ಇಲ್ಲಿ ನಾಮಪದವನ್ನು ಬಿಡಿಸಿ ಕ್ರಿಯಾಪದವನ್ನು ತರುವುದೇ ಪರಿಹಾರ:

(3) ನಿಮ್ಮ ಹೂಡಿಕೆಯ ಮೌಲ್ಯದಿಂದ ವರ್ಷಕ್ಕೆ 1.80% ಲೆಕ್ಕದಲ್ಲಿ ನಿಧಿಯು ದಿನವೂ ಮುರಿದುಕೊಳ್ಳುತ್ತದೆ. ಇಲ್ಲಿ ಕೊಟ್ಟಿರುವ ಪ್ರತಿಫಲ, ಇದನ್ನು ಕಳೆದ ಮೇಲಿನದು.

ಮೂರನೆಯದು ಪ್ರತಿಫಲದ ಎಚ್ಚರಿಕೆ: ‘ಹಿಂದಿನ ಸಾಧನೆ ಮುಂದುವರಿಯಬಹುದು ಅಥವಾ ಮುಂದುವರಿಯದಿರಬಹುದು’. ಮೂಲದ ‘ಮೇ ಆರ್ ಮೇ ನಾಟ್’ ಎಂಬುದಕ್ಕೆ ಇದು ಅಕ್ಷರಶಃ ಸಮಾನ. ಆದರೆ ಮೂಲದಲ್ಲಿ ಅದು ಸವೆದ ಕಾನೂನು ನುಡಿಗಟ್ಟು. ಕನ್ನಡದಲ್ಲಿ ಎರಡು ಪೂರ್ಣ ಕ್ರಿಯಾಪದಗಳು. ಅವುಗಳಲ್ಲಿ ಮೊದಲನೆಯದು ಭರವಸೆಯಂತೆ ಕೇಳುತ್ತದೆ. ‘ಸಾಧನೆ’ ಎಂಬ ಪದವೂ ಅದಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಸೋಲನ್ನು ಕನ್ನಡದಲ್ಲಿ ಸಾಧನೆ ಎನ್ನುವುದಿಲ್ಲ. ‘ಹಿಂದೆ ಇಷ್ಟು ಬಂದಿದೆ ಎಂಬುದರಿಂದ ಮುಂದೆಯೂ ಇಷ್ಟೇ ಬರುತ್ತದೆಂದು ಹೇಳಲಾಗದು’ ಎಂಬ ವಾಕ್ಯ ಎಚ್ಚರಿಕೆಯ ಕ್ರಿಯೆಯನ್ನು ಉಳಿಸಿಕೊಳ್ಳುತ್ತದೆ. ಚಿತ್ರದ ಚೌಕಟ್ಟೂ ಇಲ್ಲಿ ಮುಖ್ಯ. ಪ್ರತಿಫಲದ ಕೋಷ್ಟಕದಲ್ಲಿ ನಕ್ಷತ್ರಚಿಹ್ನೆಯಿದೆ. ಅದು ತೋರುವ ಅಡಿಬರಹದ ಅರ್ಧ ಭಾಗ ಚಿತ್ರದ ಕೆಳಗೆ ಕತ್ತರಿಸಿಹೋಗಿದೆ. ಅನುವಾದಕರು ಆ ಚಿಹ್ನೆಯನ್ನು ಕೈಬಿಟ್ಟಿದ್ದಾರೆ. ಇದರಿಂದ ಷರತ್ತುಬದ್ಧವಾದ ಸಂಖ್ಯೆಯು ಷರತ್ತಿಲ್ಲದ ಹೇಳಿಕೆಯಾಗಿದೆ. ‘ಇಲ್ಲಿ ಅಡಿಬರಹವಿದೆ, ಚಿತ್ರದಲ್ಲಿ ಪೂರ್ತಿ ಕಾಣುತ್ತಿಲ್ಲ’ ಎಂದು ಬರೆಯುವುದೂ ಅನುವಾದದ ಹೊಣೆಯೇ.

ಹಂತಗಳ ಹೆಸರುಗಳೂ ಎಚ್ಚರಿಕೆಯ ವಾಕ್ಯವೂ ನಿಯಂತ್ರಕರು ಗೊತ್ತುಪಡಿಸಿದ ರೂಪಗಳಾದ್ದರಿಂದ ನಮ್ಮ ಪರ್ಯಾಯಗಳು ಅವುಗಳ ಸ್ಥಾನವನ್ನು ಪಡೆಯಲಾರವು; ಪಕ್ಕದಲ್ಲಿ ನಿಲ್ಲಬಲ್ಲ ವಿವರಣೆಗಳು ಮಾತ್ರ. ಅವು ಸಮರ್ಪಕವೇ ಎಂಬುದನ್ನು ಮೂಲದೊಡನೆ ಹೋಲಿಸಿ ತಿಳಿಯುವುದಕ್ಕಿಂತ, ಓದಿದವರು 9.40ರಿಂದ ಏನನ್ನಾದರೂ ಕಳೆಯುತ್ತಾರೆಯೇ ಎಂದು ನೋಡಿ ತಿಳಿಯುವುದು ಲೇಸು.