ಎಲೆಗಳ ಗಾಳಿ: ರಸಿಕರಿಗೊಂದು ಕೈಪಿಡಿ

ಗೇಮ್‌ನೊಳಗಿನ ಮರ ಗಾಳಿಗೆ ತೂಗುವಾಗ ಹೊಸಬರು ಅದು ಎಷ್ಟು ತೂಗಿತು ಎಂದು ನೋಡುತ್ತಾರೆ. ಪಳಗಿದ ಕಣ್ಣು ಯಾವ ಎಲೆ ಯಾವುದರ ಜೊತೆ ತೂಗಲಿಲ್ಲ ಎಂದು ಹುಡುಕುತ್ತದೆ. ನನ್ನ ವಾದ ಇಷ್ಟೇ: ಈ ಕಲೆಯ ಸೊಗಸು ಚಲನೆಯ ದೊಡ್ಡತನದಲ್ಲಿಲ್ಲ, ತಾಳ ತಪ್ಪುವ ಹದದಲ್ಲಿದೆ. 2007ರ ‘ಕ್ರೈಸಿಸ್’ ಗೇಮ್‌ನ ಕಾಡು ಇದಕ್ಕೆ ಒಳ್ಳೆಯ ಸಾಕ್ಷಿ. ಅದನ್ನು ಕಟ್ಟಿದ ಬಗೆಯನ್ನು ಕ್ರೈಟೆಕ್‌ನ ಟಿಯಾಗೊ ಸೌಸಾ ‘ಜಿಪಿಯು ಜೆಮ್ಸ್ 3’ ಪುಸ್ತಕದಲ್ಲಿ ವಿವರಿಸಿದ್ದಾರೆ.

ಮನುಷ್ಯಾಕೃತಿಯನ್ನು ಆಡಿಸಲು ಒಳಗೆ ಮೂಳೆಗಳನ್ನು ಜೋಡಿಸುತ್ತಾರೆ. ಸಾವಿರಾರು ಎಲೆಗಳ ಮರಕ್ಕೆ, ಅಂಥ ಮರಗಳ ಕಾಡಿಗೆ ಹಾಗೆ ಮಾಡಿದರೆ ಲೆಕ್ಕ ಹೊರಲಾರದಷ್ಟಾಗುತ್ತದೆ. ಆದ್ದರಿಂದ ಕಲಾವಿದರು ಮಾದರಿಯ ಪ್ರತಿ ವರ್ಟೆಕ್ಸ್‌ಗೂ, ಅಂದರೆ ತ್ರಿಕೋನಗಳು ಕೂಡುವ ಬಿಂದುವಿಗೆ, ಬಣ್ಣ ಬಳಿಯುತ್ತಾರೆ. ಅದು ಕಣ್ಣಿಗೆ ಕಾಣುವ ಬಣ್ಣವಲ್ಲ, ವರ್ಟೆಕ್ಸ್ ಶೇಡರ್‌ಗೆ ಬರೆದ ಸೂಚನೆ. ಕ್ರೈಸಿಸ್‌ನಲ್ಲಿ ಕೆಂಪು ಎಲೆಯ ಅಂಚಿನ ಬಿಗಿತವನ್ನು, ನೀಲಿ ಇಡೀ ಎಲೆಯ ಬಿಗಿತವನ್ನು ಹೇಳುತ್ತದೆ. ಹಸಿರು ಆ ಎಲೆ ತನ್ನ ತೂಗಾಟವನ್ನು ಯಾವ ಗಳಿಗೆಯಿಂದ ಶುರುಮಾಡಬೇಕು ಎಂಬುದನ್ನು ಹೇಳುತ್ತದೆ. ಹಸಿರು ಒಂದೇ ಆದರೆ ಎಲೆಗಳೆಲ್ಲ ಕವಾಯತಿನ ಸಿಪಾಯಿಗಳಂತೆ ಒಟ್ಟಿಗೆ ಬಾಗುತ್ತವೆ. ಒಂದೇ ಎಲೆಯೊಳಗೆ ಹಸಿರು ಬದಲಾದರೆ ಎಲೆ ರಬ್ಬರಿನಂತೆ ಹಿಗ್ಗುತ್ತದೆ. ಹಸಿರಿನ ಸೂಚನೆಗೆ ಮರ ನಿಂತ ಜಾಗದ ಲೆಕ್ಕವನ್ನೂ ಕೂಡಿಸುವುದರಿಂದ ಪಕ್ಕಪಕ್ಕದ ಒಂದೇ ಮಾದರಿಯ ಮರಗಳೂ ಬೇರೆಬೇರೆಯಾಗಿ ಅಲುಗುತ್ತವೆ. ಎಲೆಗೆ ಸಿಗುವುದು ಒಂದೇ ಅಲೆಯೂ ಅಲ್ಲ. ಬೇರೆಬೇರೆ ವೇಗದ ಅಲೆಗಳನ್ನು ಕೂಡಿಸುವುದರಿಂದ ಅದು ಗಡಿಯಾರದ ಲೋಲಕದಂತೆ ಆಡುವುದಿಲ್ಲ.

ಮೂಳೆಯಿಲ್ಲದ ಮೇಲೆ ಕೊಂಬೆ ಬಾಗುವುದು ಸುಳ್ಳಲ್ಲವೇ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿದೆ. ಬಿಂದುವನ್ನು ಬರೀ ಪಕ್ಕಕ್ಕೆ ತಳ್ಳಿದರೆ ಮರ ಬಾಗುವುದಿಲ್ಲ, ಉದ್ದವಾಗುತ್ತದೆ. ಕ್ರೈಸಿಸ್ ಇದಕ್ಕೆ ಸರಳ ಮದ್ದು ಕಂಡುಕೊಂಡಿತು: ತಳ್ಳಿದ ಮೇಲೆ ಬುಡದಿಂದ ಬಿಂದುವಿಗಿದ್ದ ಮೂಲ ದೂರವನ್ನೇ ಮತ್ತೆ ಕೊಡುವುದು. ಆಗ ತುದಿ ನೇರ ಗೆರೆಯಲ್ಲಿ ಜಾರದೆ ಕಮಾನಿನಲ್ಲಿ ಇಳಿಯುತ್ತದೆ. ಆದರೂ ಕೊಂಬೆ ಬಾಗಿ, ಅದರ ಮೇಲಿನ ರೆಂಬೆ ಮತ್ತೆ ಬಾಗುವ ಸರಣಿಯನ್ನು ಈ ಮೂರು ಬಣ್ಣಗಳು ಹಿಡಿಯಲಾರವು. ಆಟಗಾರ ಹಿಡಿದು ಜಗ್ಗಬೇಕಾದ ಮರಕ್ಕೆ ಮೂಳೆಯಂಥ ವ್ಯವಸ್ಥೆಯೇ ಬೇಕು. ದೂರದಲ್ಲಿ ಗಾಳಿಗಷ್ಟೇ ಅಲುಗುವ ಮರದಲ್ಲಿ ಆ ಸರಣಿಯನ್ನು ಕಣ್ಣು ಕೇಳುವುದಿಲ್ಲ. ಎಲ್ಲ ಎಲೆಗಳೂ ಒಟ್ಟಿಗೆ ಅಲುಗಿದರೆ ಮಾತ್ರ ಮೋಸವನ್ನು ತಕ್ಷಣ ಹಿಡಿಯುತ್ತದೆ.

ಮುಂದಿನ ಸಲ ಗೇಮ್‌ನ ಕಾಡಿನಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಒಂದೇ ಜಾತಿಯ ಎರಡು ಮರಗಳನ್ನು ಜೋಡಿಯಾಗಿ ನೋಡಿ, ಆಮೇಲೆ ಎಲೆಯ ಬುಡ ಕಡ್ಡಿಯಿಂದ ಕಳಚುತ್ತದೆಯೇ ಗಮನಿಸಿ. ಕೊನೆಗೆ ನೆಲ ನೋಡಿ: ಎಲೆ ಅಲುಗುತ್ತಿದ್ದು ನೆರಳು ನಿಂತೇ ಇದ್ದರೆ, ನೆರಳು ಬಿಡಿಸುವ ಹಂತದಲ್ಲಿ ಯಾರೋ ಗಾಳಿಯನ್ನು ಮರೆತಿದ್ದಾರೆ.