ಕರ್ಣದ ತೂಕ

ಗೌಸ್–ಸೈಡಲ್ ಲೆಕ್ಕ ಕೊಡುವಾಗ ಸಮೀಕರಣಗಳನ್ನು ಬೇಕೆಂದೇ ಹಿಂದುಮುಂದು ಮಾಡಿಡುವ ಚೇಷ್ಟೆ ಪ್ರಶ್ನೆಪತ್ರಿಕೆ ತಯಾರಿಸುವ ಕೆಲವರಿಗುಂಟು. ಈ ವಾರ ನಾನೂ ಅದನ್ನೇ ಮಾಡುತ್ತೇನೆ.

```
 x + 6y + 2z = 19
2x +  y + 7z = 25
5x +  y +  z = 10
```

ಕೊಟ್ಟ ಹಾಗೆಯೇ ಶುರು ಮಾಡಿ ನೋಡಿ. ಮೊದಲ ಸಾಲಿನಿಂದ x, ಎರಡನೆಯದರಿಂದ y, ಮೂರನೆಯದರಿಂದ z. ಆರಂಭಕ್ಕೆ y, z ಎರಡೂ ಸೊನ್ನೆ. ಒಂದು ಸುತ್ತು ಮುಗಿದಾಗ ಸಿಗುವುದು 19, −13, −72. ಎರಡನೇ ಸುತ್ತಿಗೆ 241, 47, −1242. ಮೂರನೆಯದಕ್ಕೆ ಕಾಗದ ಖರ್ಚು ಮಾಡುವ ಅಗತ್ಯವಿಲ್ಲ.

ಈಗ ಮೂರನೇ ಸಮೀಕರಣವನ್ನು ಮೇಲಕ್ಕೆ ತಂದು, ಉಳಿದೆರಡನ್ನು ಅದರ ಕೆಳಗೆ ಅದೇ ಕ್ರಮದಲ್ಲಿ ಬರೆಯಿರಿ. ಕರ್ಣದ ಮೇಲೆ 5, 6, 7 ಬಂದು ಕೂತವು. ಪ್ರತಿ ಸಾಲಿನಲ್ಲೂ ಉಳಿದ ಸಹಗುಣಕಗಳನ್ನು, ಚಿಹ್ನೆ ಬಿಟ್ಟು, ಕೂಡಿದರೆ 2, 3, 3. ಎಲ್ಲ ಸಾಲಿನಲ್ಲೂ ಕರ್ಣದ್ದೇ ಮೇಲುಗೈ. ಪಾಸೋ ಫೇಲೋ ಎಂದು ನೋಡಿ ಇಲ್ಲಿಗೇ ಬಿಡುವವರು ಹೆಚ್ಚು. ಆದರೆ ಭಾಗಿಸಿ ನೋಡಿದರೆ ಇನ್ನೊಂದು ವಿಷಯ ಸಿಗುತ್ತದೆ: 2/5, 3/6, 3/7. ಇವುಗಳಲ್ಲಿ ದೊಡ್ಡದು ಅರ್ಧ. ಅಂದರೆ ಮೂರು ಬೆಲೆಗಳ ಪೈಕಿ ಅತಿ ದೊಡ್ಡ ತಪ್ಪು ಸುತ್ತಿಗೊಮ್ಮೆ ಕನಿಷ್ಠ ಅರ್ಧಕ್ಕಿಳಿಯಲೇಬೇಕು. ಮೊದಲ ಬೆಲೆ ಬರೆಯುವ ಮುನ್ನವೇ ಸಿಕ್ಕ ಭರವಸೆ ಇದು.

ಸುತ್ತು ಹಾಕೋಣ. x = 10/5 = 2. ಈ ಹೊಸ x ಅನ್ನು ಕೂಡಲೇ ಬಳಸಿದರೆ y = (19 − 2)/6 = 2.8333. ಎರಡನ್ನೂ ಬಳಸಿದರೆ z = (25 − 4 − 2.8333)/7 = 2.5952. ಎರಡನೇ ಸುತ್ತಿಗೆ 0.9143, 2.1492, 3.0032. ಮೂರಕ್ಕೆ 0.9695, 2.0040, 3.0081. ಉತ್ತರ 1, 2, 3 ಎಂದು ಕಣ್ಣಿಗೇ ಕಾಣುತ್ತದೆ. z ಮಾತ್ರ ಮೂರನೇ ಸುತ್ತಿನಲ್ಲಿ ಉತ್ತರದಿಂದ ತುಸು ದೂರ ಸರಿಯಿತಲ್ಲ, ಗಾಬರಿ ಬೇಡ. ಭರವಸೆ ಇರುವುದು ಅತಿ ದೊಡ್ಡ ತಪ್ಪಿನ ಬಗ್ಗೆ, ಒಂದೊಂದು ಬೆಲೆಯ ಬಗ್ಗೆ ಅಲ್ಲ.

ಮಧ್ಯೆ ಎಲ್ಲೋ ಕೂಡುವಾಗ ಎಡವಿದರೂ ಈ ಲೆಕ್ಕ ಕೆಡುವುದಿಲ್ಲ. ತಪ್ಪು ಬೆಲೆಯೇ ಹೊಸ ಆರಂಭವಾಗಿ, ಒಂದೆರಡು ಸುತ್ತು ಹೆಚ್ಚು ಬೇಕಾಗುತ್ತದೆ, ಅಷ್ಟೆ. 1823ರಲ್ಲಿ ಗೌಸ್ ತನ್ನ ಶಿಷ್ಯ ಗೆರ್ಲಿಂಗ್‌ಗೆ ಭೂಮಾಪನದ ಲೆಕ್ಕಕ್ಕೆ ಇಂಥದೇ ವಿಧಾನ ಹೇಳಿಕೊಡುತ್ತ, ಇದನ್ನು ಅರೆನಿದ್ದೆಯಲ್ಲೂ ಮಾಡಬಹುದು ಎಂದು ಬರೆದಿದ್ದ. ಆದರೆ ಸಮೀಕರಣವನ್ನೇ ತಪ್ಪಾಗಿ ನಕಲು ಮಾಡಿಕೊಂಡರೆ ಲೆಕ್ಕ ಅಷ್ಟೇ ನೆಮ್ಮದಿಯಾಗಿ ತಪ್ಪು ಉತ್ತರಕ್ಕೆ ಹೋಗಿ ನಿಲ್ಲುತ್ತದೆ.

ಕರ್ಣ ಹಗುರವಾದ ಮಾತ್ರಕ್ಕೆ ಕೈಬಿಡಬೇಕಿಲ್ಲ. 2x + 3y = 8, x + 4y = 9 ತೆಗೆದುಕೊಳ್ಳಿ. ಮೊದಲ ಸಾಲು ಪರೀಕ್ಷೆಯಲ್ಲಿ ಫೇಲು: 2ಕ್ಕಿಂತ 3 ದೊಡ್ಡದು. ಆದರೂ x ಬೆಲೆಗಳು 4, 2.125, 1.4219 ಎಂದು 1ರ ಕಡೆಗೇ ಇಳಿಯುತ್ತವೆ. ಎರಡೇ ಅವ್ಯಕ್ತಗಳಿದ್ದಾಗ ನಿಜವಾದ ನಿಯಮ ಸರಳ: ಕರ್ಣದಾಚೆಯ ಗುಣಲಬ್ಧ 3, ಕರ್ಣದ ಗುಣಲಬ್ಧ 8ಕ್ಕಿಂತ ಕಡಿಮೆ ಇದ್ದರಾಯಿತು. ಸುತ್ತಿಗೆ ತಪ್ಪು ಉಳಿಯುವುದು 3/8 ಪಾಲು. ಪರೀಕ್ಷೆ ಪಾಸಾದರೆ ಖಾತ್ರಿ. ಫೇಲಾದರೆ ಏನೂ ಗೊತ್ತಾಗಿಲ್ಲ ಎಂದಷ್ಟೇ ಅರ್ಥ. ಆಗ ಎರಡು ಮೂರು ಸುತ್ತು ಹಾಕಿಯೇ ನೋಡಬೇಕು.

ನನಗೆ ಭಯವಿರುವುದು ಇದರ ತದ್ವಿರುದ್ಧ ಪ್ರಕರಣದ ಬಗ್ಗೆ, ಕೂದಲೆಳೆಯಲ್ಲಿ ಪಾಸಾದ ಲೆಕ್ಕದ ಬಗ್ಗೆ. 100x − 99y = 1, −99x + 100y = 1. ಉತ್ತರ 1, 1. ಸೊನ್ನೆಯಿಂದ ಹೊರಟರೆ x ಬೆಲೆಗಳು 0.0100, 0.0297, 0.0490. ಸುತ್ತಿಗೆ ಬದಲಾಗುತ್ತಿರುವುದು 0.02ಕ್ಕಿಂತ ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸ ಕಂಡು ಲೆಕ್ಕ ಮುಗಿಯಿತೆಂದು ಗೆರೆ ಎಳೆಯುವವರು ಉತ್ತರದ ಇಪ್ಪತ್ತನೇ ಒಂದು ಪಾಲಿಗೂ ಮುಟ್ಟಿರುವುದಿಲ್ಲ. ನೋಡಬೇಕಾದ್ದು ವ್ಯತ್ಯಾಸವನ್ನಲ್ಲ, ಒಂದರ ಹಿಂದೊಂದು ಬರುವ ಎರಡು ವ್ಯತ್ಯಾಸಗಳ ಅನುಪಾತವನ್ನು. 0.019309 ಅನ್ನು 0.019701ರಿಂದ ಭಾಗಿಸಿದರೆ 0.98. ಅಂದರೆ ಪ್ರತಿ ಸುತ್ತಿಗೂ ತಪ್ಪಿನ ನೂರರಲ್ಲಿ ತೊಂಬತ್ತೆಂಟು ಪಾಲು ಹಾಗೇ ಉಳಿಯುತ್ತಿದೆ. ಉಳಿದಿರುವ ದೂರ ಬೇಕಿದ್ದರೆ ಕೊನೆಯ ವ್ಯತ್ಯಾಸವನ್ನು 0.98/0.02ರಿಂದ, ಅಂದರೆ 49ರಿಂದ ಗುಣಿಸಿ: ಸುಮಾರು 0.95. ನಿಜವಾಗಿಯೂ x ಇನ್ನೂ 0.95 ದೂರವೇ ಇದೆ.

ಬೆಲೆಗಳನ್ನು ಮತ್ತೆ ಸಮೀಕರಣಕ್ಕೆ ಹಾಕಿ ತಾಳೆ ನೋಡುವುದಾದರೆ, ಯಾವ ಸಮೀಕರಣಕ್ಕೆ ಎಂಬುದೂ ಮುಖ್ಯ. ಎರಡನೇ ಸುತ್ತಿನ ಕೊನೆಗೆ x = 0.0297, y = 0.0394. ಎರಡನೇ ಸಮೀಕರಣಕ್ಕೆ ಹಾಕಿದರೆ ಎಡಗಡೆ 1 ಬಂದು ಅಚ್ಚುಕಟ್ಟಾಗಿ ಹೊಂದುತ್ತದೆ. ಹೊಂದದೆ ಏನು, y ಅನ್ನು ಈಗಷ್ಟೇ ಅದರಿಂದಲೇ ತೆಗೆದದ್ದು! ಮೊದಲನೆಯದಕ್ಕೆ ಹಾಕಿ ನೋಡಿ: 1 ಬರಬೇಕಾದ ಕಡೆ −0.93.